‘ಡೈಡ್’ ಸರಿಯೋ, ‘ಹ್ಯಾಡ್ ಡೈಡ್’ ಸರಿಯೋ?

ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಓದಿದ ಯಾರನ್ನೇ ಆಗಲಿ ಪಾಸ್ಟ್ ಪರ್ಫೆಕ್ಟ್ ಟೆನ್ಸ್‌ಗೆ ಒಂದು ಉದಾಹರಣೆ ಕೊಡಿ ಎಂದರೆ, ಬಹುಮಟ್ಟಿಗೆ ಒಂದೇ ವಾಕ್ಯ ಹೊರಬರುತ್ತದೆ: ‘ದಿ ಪೇಷೆಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್’. ಡಾಕ್ಟರು ಬರುವ ಮೊದಲೇ ರೋಗಿ ತೀರಿಕೊಂಡಿದ್ದ. ಇದರ ಜೊತೆಗೇ ಬಾಯಿಪಾಠವಾದ ನಿಯಮವೂ ಇದೆ. ಹಿಂದೆ ಎರಡು ಕೆಲಸ ನಡೆದಿದ್ದರೆ ಮೊದಲು ನಡೆದದ್ದಕ್ಕೆ ‘ಹ್ಯಾಡ್’ ಹಾಕು, ಆಮೇಲೆ ನಡೆದದ್ದಕ್ಕೆ ಸಿಂಪಲ್ ಪಾಸ್ಟ್ ಸಾಕು.

ಈಗ ಅದೇ ವಾಕ್ಯದಿಂದ ‘ಹ್ಯಾಡ್’ ತೆಗೆದುಬಿಡೋಣ. ‘ದಿ ಪೇಷೆಂಟ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್’. ಇದು ತಪ್ಪೇ? ಅಲ್ಲ. ಇಂಗ್ಲಿಷರು ಹೀಗೂ ಹೇಳುತ್ತಾರೆ, ಬರೆಯುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ‘ಬಿಫೋರ್’ ಎಂಬ ಪದವೇ ಹೇಳಿ ಮುಗಿಸಿದೆ. ‘ಹ್ಯಾಡ್’ ಬಂದರೂ ಅದೇ ಅರ್ಥ, ಬಾರದಿದ್ದರೂ ಅದೇ ಅರ್ಥ. ಆದರೆ ಪರೀಕ್ಷೆಯಲ್ಲಿ ಬಿಟ್ಟ ಸ್ಥಳದ ಪಕ್ಕ ಆವರಣದಲ್ಲಿ ‘ಡೈ’ ಎಂದಿದ್ದು, ಕೀ ಆನ್ಸರ್‌ನಲ್ಲಿ ‘ಹ್ಯಾಡ್ ಡೈಡ್’ ಎಂದು ಒಂದೇ ಉತ್ತರ ಇದ್ದರೆ, ‘ಡೈಡ್’ ಬರೆದ ಮಗುವಿಗೆ ಸೊನ್ನೆ. ಅದು ಬರೆದದ್ದು ತಪ್ಪು ಇಂಗ್ಲಿಷ್ ಅಲ್ಲ. ತಪ್ಪಾದದ್ದು ಕೀ.

ಇಂಥ ಪ್ರಶ್ನೆಗಳು ಬಂದಾಗ ಸ್ಟಾಫ್‌ರೂಮಿನಲ್ಲೂ ಮೌಲ್ಯಮಾಪನ ಕೇಂದ್ರದಲ್ಲೂ ವಾದ ಒಂದೇ ದಾರಿ ಹಿಡಿಯುತ್ತದೆ. ಒಬ್ಬರು ‘ರೂಲ್ ಪ್ರಕಾರ ಹ್ಯಾಡ್ ಬೇಕು’ ಎನ್ನುತ್ತಾರೆ. ಇನ್ನೊಬ್ಬರು ‘ಹ್ಯಾಡ್ ಇಲ್ಲದೆಯೂ ನಡೆಯುತ್ತೆ’ ಎನ್ನುತ್ತಾರೆ. ಇಬ್ಬರೂ ನಿಯಮದ ಬಗ್ಗೆ ಮಾತಾಡುತ್ತಿರುತ್ತಾರೆ, ಮುಂದೆ ಬಿದ್ದಿರುವ ವಾಕ್ಯವನ್ನು ಯಾರೂ ನೋಡುತ್ತಿರುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ತೀರ್ಮಾನವಾಗಬೇಕಾದ ರೀತಿಯೇ ಬೇರೆ. ಒಂದು ಟೆನ್ಸ್ ಮಾತ್ರ ಸರಿ ಎನ್ನುವವರು ಇನ್ನೊಂದನ್ನು ಹೊರಗಿಡುವ ಪದ ಆ ವಾಕ್ಯದಲ್ಲಿ ಅಥವಾ ಅಕ್ಕಪಕ್ಕದ ವಾಕ್ಯದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ಆ ಪದವನ್ನು ಸಾಕ್ಷಿ ಎಂದು ಕರೆಯೋಣ. ಸಾಕ್ಷಿ ಸಿಕ್ಕಿದರೆ ಉತ್ತರ ಒಂದೇ. ಸಿಗದಿದ್ದರೆ ಕೀಯಲ್ಲಿ ಎರಡಕ್ಕೂ ಜಾಗ ಕೊಡಬೇಕು.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ‘ಆಫ್ಟರ್’ ಇರುವ ಒಂದು ವಾಕ್ಯ ತೆಗೆದುಕೊಳ್ಳಿ. ‘ಆಫ್ಟರ್ ಶಿ ರೋಟ್ ದಿ ಲೆಟರ್, ಶಿ ವೆಂಟ್ ಟು ಬೆಡ್’. ಕಾಗದ ಬರೆದ ಮೇಲೆ ಮಲಗಿದಳು. ಇಲ್ಲಿ ‘ರೋಟ್’ ಬದಲು ‘ಹ್ಯಾಡ್ ರಿಟನ್’ ಹಾಕಿದರೂ ಕಥೆ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಈಗ ‘ಆಫ್ಟರ್’ ತೆಗೆದು ‘ವೆನ್’ ಹಾಕಿ. ‘ವೆನ್ ಶಿ ಹ್ಯಾಡ್ ರಿಟನ್ ದಿ ಲೆಟರ್, ಶಿ ವೆಂಟ್ ಟು ಬೆಡ್’ ಚೆನ್ನಾಗಿಯೇ ಇದೆ. ಬರೆದು ಮುಗಿಸಿ ಮಲಗಿದಳು. ‘ವೆನ್ ಶಿ ರೋಟ್ ದಿ ಲೆಟರ್, ಶಿ ವೆಂಟ್ ಟು ಬೆಡ್’ ಎಂದರೆ ಮಾತ್ರ ಏನೋ ಎಡವಿದಂತಾಗುತ್ತದೆ. ಬರೆಯುವುದು, ಮಲಗುವುದು ಎರಡೂ ಒಟ್ಟೊಟ್ಟಿಗೆ ನಡೆದಂತೆ ಕೇಳುತ್ತದೆ. ಕಾರಣ ಸರಳ. ‘ಆಫ್ಟರ್’ ಎಂಬುದು ಹಿಂದುಮುಂದನ್ನು ತಾನೇ ಹೊತ್ತುಕೊಳ್ಳುತ್ತದೆ. ‘ವೆನ್’ ಹೊತ್ತುಕೊಳ್ಳುವುದಿಲ್ಲ. ಅದು ಕೈಬಿಟ್ಟ ಭಾರವನ್ನು ಟೆನ್ಸ್ ಹೊರಬೇಕಾಗುತ್ತದೆ. ಹಾಗಾಗಿ ‘ಆಫ್ಟರ್’, ‘ಬಿಫೋರ್’, ‘ಆ್ಯಸ್ ಸೂನ್ ಆ್ಯಸ್’ ಇರುವ ಕಡೆ ಸಾಮಾನ್ಯವಾಗಿ ಎರಡೂ ನಡೆಯುತ್ತವೆ, ‘ವೆನ್’ ಇದ್ದಾಗ ನಿಂತು ಯೋಚಿಸಬೇಕು.

‘ವೆನ್’ ಬಂತೆಂದು ಕಣ್ಣು ಮುಚ್ಚಿ ‘ಹ್ಯಾಡ್’ ಹಾಕುವಂತೆಯೂ ಇಲ್ಲ. ‘ವೆನ್ ಐ ಸಾ ದಿ ಸ್ನೇಕ್, ಐ ಸ್ಕ್ರೀಮ್ಡ್’. ಹಾವು ಕಂಡೊಡನೆ ಚೀರಿದೆ. ನೋಡಿದ್ದು ಮೊದಲು, ಚೀರಿದ್ದು ಆಮೇಲೆ ಎಂಬುದು ನಿಜ. ಆದರೂ ‘ಹ್ಯಾಡ್ ಸೀನ್’ ಎಂದರೆ ಹಾವನ್ನು ನೋಡಿ ಮುಗಿಸಿ, ಆ ಕೆಲಸ ಪೂರೈಸಿದ ಮೇಲೆ ಚೀರಿದಂತಾಗುತ್ತದೆ. ಒಂದು ಕೆಲಸ ಇನ್ನೊಂದನ್ನು ತಕ್ಷಣ ಎಳೆದು ತಂದಾಗ ಎರಡಕ್ಕೂ ಸಿಂಪಲ್ ಪಾಸ್ಟೇ ಸಹಜ. ಕ್ರಿಯಾಪದದ ಸ್ವಭಾವವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ‘ರೈಟ್’, ‘ಈಟ್’, ‘ರೀಡ್’ ಎಂಬ ಕೆಲಸಗಳು ಹೊತ್ತು ತೆಗೆದುಕೊಳ್ಳುತ್ತವೆ, ಆದ್ದರಿಂದ ಅವು ಮುಗಿದವೋ ಇಲ್ಲವೋ ಎಂದು ಹೇಳಬೇಕಾಗುತ್ತದೆ. ‘ಫಿನಿಶ್’ ಎಂಬ ಪದದ ಹೊಟ್ಟೆಯಲ್ಲೇ ಮುಗಿಯುವುದು ಇದೆ. ‘ವೆನ್ ಶಿ ಫಿನಿಶ್ಡ್ ದಿ ಲೆಟರ್, ಶಿ ವೆಂಟ್ ಟು ಬೆಡ್’ ಎಂಬಲ್ಲಿ ‘ಹ್ಯಾಡ್’ ಇಲ್ಲದಿದ್ದರೂ ಯಾರಿಗೂ ಗೊಂದಲವಾಗುವುದಿಲ್ಲ.

ಮೊದಲು ನಡೆದದ್ದಕ್ಕೇ ‘ಹ್ಯಾಡ್’ ಎಂಬ ನಿಯಮ ತಲೆಕೆಳಗಾಗುವ ಜಾಗವೂ ಒಂದಿದೆ. ‘ಹಿ ಲೆಫ್ಟ್ ಬಿಫೋರ್ ಐ ಹ್ಯಾಡ್ ಫಿನಿಶ್ಡ್ ಸ್ಪೀಕಿಂಗ್’. ನಾನು ಮಾತು ಮುಗಿಸುವ ಮೊದಲೇ ಅವನು ಎದ್ದುಹೋದ. ಮೊದಲು ನಡೆದದ್ದು ಅವನು ಹೋದದ್ದು, ‘ಹ್ಯಾಡ್’ ಕೂತಿರುವುದು ಆಮೇಲಿನ ಕೆಲಸದ ಮೇಲೆ. ಹಾಗಿದ್ದರೂ ಇದು ಶುದ್ಧ ಇಂಗ್ಲಿಷ್. ಇಲ್ಲಿ ‘ಹ್ಯಾಡ್’ ಹೇಳುತ್ತಿರುವುದು ಹಿಂದುಮುಂದನ್ನಲ್ಲ, ಮಾತು ಅಷ್ಟು ಹೊತ್ತಿಗೆ ಪೂರ್ತಿಯಾಗಿರಲಿಲ್ಲ ಎಂಬುದನ್ನು. ನಿಯಮವನ್ನೇ ನೆಚ್ಚಿ ಕೀ ಬರೆಯುವವರು ಈ ವಾಕ್ಯಕ್ಕೆ ಕೆಂಪು ಗೆರೆ ಎಳೆಯುತ್ತಾರೆ.

ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ, ಅದರ ಪಕ್ಕದಲ್ಲೇ ಒಂದು ಹಳ್ಳವೂ ಇದೆ. ನಮ್ಮಲ್ಲೂ ‘ಹೊರಟಿತು’, ‘ಹೊರಟಿತ್ತು’ ಎಂಬ ಜೋಡಿ ಉಂಟಲ್ಲ. ‘ನಾನು ಹೋದಾಗ ಬಸ್ಸು ಹೊರಟಿತು’ ಎಂದರೆ ಬಸ್ಸು ಕಣ್ಣೆದುರೇ ಹೋಯಿತು. ‘ನಾನು ಹೋದಾಗ ಬಸ್ಸು ಹೊರಟುಹೋಗಿತ್ತು’ ಎಂದರೆ ಬಸ್ಸು ಕಾಣಲೇ ಇಲ್ಲ. ‘ವೆನ್’ ಇರುವ ಇಂಗ್ಲಿಷ್ ವಾಕ್ಯದಲ್ಲಿ ನಡೆಯುವುದೂ ಇದೇ. ‘ಮೇಲೆ’ ಬಂದಾಗ ನಾವು ‘ಕಾಗದ ಬರೆದ ಮೇಲೆ ಮಲಗಿದಳು’ ಎನ್ನುತ್ತೇವೆ, ‘ಬರೆದಿದ್ದ ಮೇಲೆ’ ಎನ್ನುವುದಿಲ್ಲ. ಹಿಂದುಮುಂದನ್ನು ‘ಮೇಲೆ’ ಹೇಳಿಬಿಟ್ಟಿದೆ ಎಂದು ನಮ್ಮ ಕಿವಿಗೆ ಗೊತ್ತು. ಇಂಗ್ಲಿಷ್ ವಾಕ್ಯದ ಮುಂದೆ ತಡವರಿಸುವ ಹುಡುಗನಿಗೆ ಈ ಎರಡು ಕನ್ನಡ ವಾಕ್ಯಗಳನ್ನು ಹೇಳಿಸಿದರೆ ಅರ್ಧ ಕೆಲಸ ಮುಗಿಯಿತು.

ಹಳ್ಳ ಇರುವುದು ಇಲ್ಲಿ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬುದು ನಮ್ಮ ದಿನನಿತ್ಯದ ಮಾತು. ಹೋಗಿ ಬಂದೂ ಆಯಿತು ಎಂಬ ಭಾವ ಆ ‘ಇದ್ದೆ’ಯಲ್ಲಿದೆ. ಅದನ್ನೇ ಇಂಗ್ಲಿಷಿಗೆ ಎತ್ತಿಕೊಂಡು ‘ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ’ ಎಂದುಬಿಡುತ್ತೇವೆ. ನಾಲ್ಕು ಜನರ ನಡುವೆ ಇದು ನಡೆದುಹೋಗುತ್ತದೆ, ಪರೀಕ್ಷೆಯಲ್ಲಿ ನಡೆಯುವುದಿಲ್ಲ. ಇಂಗ್ಲಿಷಿನ ‘ಹ್ಯಾಡ್ ಗಾನ್’ಗೆ ಅದಕ್ಕಿಂತ ಈಚಿನ ಇನ್ನೊಂದು ಹಿಂದಿನ ಹೊತ್ತು ಬೇಕು. ಯಾವುದಕ್ಕಿಂತ ಮೊದಲು ಹೋಗಿದ್ದು ಎಂಬ ಪ್ರಶ್ನೆಗೆ ಉತ್ತರ ಇರಬೇಕು. ‘ಯೆಸ್ಟರ್‌ಡೇ’ ಎಂಬ ಪದ ಆ ಉತ್ತರವನ್ನು ಕೊಡುವುದಿಲ್ಲ, ಅದು ಹೋದ ದಿನವನ್ನಷ್ಟೇ ಹೇಳುತ್ತದೆ. ಹಾಗಾಗಿ ಇಲ್ಲಿ ಎರಡು ಉತ್ತರದ ಮಾತೇ ಇಲ್ಲ, ‘ವೆಂಟ್’ ಒಂದೇ ಸರಿ. ಎರಡೂ ನಡೆಯುತ್ತವೆ ಎಂಬ ಉದಾರತೆಯನ್ನು ಇಂಥ ಕಡೆಗೂ ಹರಿಯಬಿಟ್ಟರೆ ಅದು ಮಕ್ಕಳಿಗೆ ಮಾಡುವ ಅನ್ಯಾಯ.

ಈಗ ಒಂದು ಕೀ ಆನ್ಸರ್ ಅನ್ನು ನಾವೇ ಕೂತು ತಯಾರಿಸೋಣ. ಹತ್ತನೇ ತರಗತಿಗೋ ಪಿಯುಸಿಗೋ ಒಪ್ಪುವ ಒಂದು ಪುಟ್ಟ ಗದ್ಯಭಾಗ ಇದು, ನಾನೇ ಕಟ್ಟಿದ್ದು. ಆವರಣದಲ್ಲಿರುವ ಕ್ರಿಯಾಪದವನ್ನು ಸರಿಯಾದ ರೂಪದಲ್ಲಿ ತುಂಬಬೇಕು.

‘ವೆನ್ ಶೀಲಾ ರೀಚ್ಡ್ ದಿ ಬಸ್ ಸ್ಟ್ಯಾಂಡ್, ದಿ ಲಾಸ್ಟ್ ಬಸ್ ____ (ಲೀವ್). ಶಿ ವಾಕ್ಡ್ ಹೋಮ್. ಆಫ್ಟರ್ ಶಿ ____ (ರೈಟ್) ಎ ಲೆಟರ್ ಟು ಹರ್ ಬ್ರದರ್, ಶಿ ____ (ಗೋ) ಟು ಬೆಡ್. ದಿ ನೆಕ್ಸ್ಟ್ ಮಾರ್ನಿಂಗ್ ಶಿ ಟೋಲ್ಡ್ ಹರ್ ಮದರ್ ದ್ಯಾಟ್ ಶಿ ____ (ಮಿಸ್) ದಿ ಬಸ್.’

ಮೊದಲ ಖಾಲಿ ಜಾಗಕ್ಕೆ ಪ್ರಶ್ನೆ ತೆಗೆದವರ ಮನಸ್ಸಿನಲ್ಲಿರುವುದು ‘ಹ್ಯಾಡ್ ಲೆಫ್ಟ್’. ಕಾರಣ ಕೇಳಿದರೆ ಮುಂದಿನ ವಾಕ್ಯ ತೋರಿಸುತ್ತಾರೆ. ಬಸ್ಸು ಸಿಗಲಿಲ್ಲ, ಅದಕ್ಕೇ ನಡೆದುಕೊಂಡು ಹೋದಳು. ಸಾಕ್ಷಿ ಸಿಕ್ಕಿತೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ‘ಲೆಫ್ಟ್’ ಹಾಕಿ ಓದಿ ನೋಡಿ. ಶೀಲಾ ಬಸ್ ಸ್ಟ್ಯಾಂಡಿಗೆ ಕಾಲಿಟ್ಟಳು, ಆ ಕ್ಷಣಕ್ಕೇ ಕೊನೆಯ ಬಸ್ಸು ಹೊರಟಿತು, ಅವಳು ಓಡಿದರೂ ಸಿಗಲಿಲ್ಲ, ನಡೆದುಕೊಂಡು ಮನೆಗೆ ಹೋದಳು. ಇದೂ ಒಂದು ಪೂರ್ಣ ಕಥೆಯೇ. ನಡೆದುಕೊಂಡು ಹೋಗುವುದು ಎರಡು ಕಥೆಗೂ ಹೊಂದುತ್ತದೆ. ಅಂದಮೇಲೆ ಅದು ಸಾಕ್ಷಿ ಅಲ್ಲ.

ಇದು ‘ಆಫ್ಟರ್’ ವಾಕ್ಯದ ತೊಡಕಿಗಿಂತ ಬೇರೆ ಜಾತಿಯದು. ಅಲ್ಲಿ ಎರಡು ಟೆನ್ಸ್ ಒಂದೇ ಕಥೆ ಹೇಳುತ್ತಿದ್ದವು. ಇಲ್ಲಿ ಎರಡು ಟೆನ್ಸ್ ಎರಡು ಕಥೆ ಹೇಳುತ್ತಿವೆ, ಬರೆದವರ ಮನಸ್ಸಿನಲ್ಲಿದ್ದ ಕಥೆ ಯಾವುದೆಂದು ಮಗುವಿಗೆ ತಿಳಿಯುವ ದಾರಿಯಿಲ್ಲ. ಈ ಎರಡು ಜಾತಿಗಳನ್ನು ಬೇರೆ ಮಾಡಿ ನೋಡುವುದು ಬಹಳ ಮುಖ್ಯ ಎಂದು ನನಗನ್ನಿಸುತ್ತದೆ. ಒಂದೇ ಕಥೆಯಾದರೆ ಕೀಯಲ್ಲಿ ಎರಡನ್ನೂ ಗೆರೆ ಹಾಕಿ ಬರೆದರೆ ಸಾಕು, ಪ್ರಶ್ನೆಯಲ್ಲಿ ದೋಷವೇನಿಲ್ಲ. ಎರಡು ಕಥೆಯಾದರೆ ದೋಷ ಪ್ರಶ್ನೆಯಲ್ಲೇ ಇದೆ. ಆಗಲೇ ಬರೆದವರಿಗೆ ಎರಡಕ್ಕೂ ಅಂಕ ಕೊಡಬೇಕು, ಮುಂದಿನ ಸಲಕ್ಕೆ ಪ್ರಶ್ನೆಯನ್ನು ತಿದ್ದಬೇಕು.

ತಿದ್ದುವುದು ಕಷ್ಟವಲ್ಲ. ‘ವೆನ್’ ಬದಲು ‘ಬೈ ದಿ ಟೈಮ್’ ಎಂದು ಆರಂಭಿಸಿ, ಖಾಲಿ ಜಾಗದಲ್ಲಿ ‘ಆಲ್ರೆಡಿ’ ಸೇರಿಸಿದರೆ ‘ಹ್ಯಾಡ್ ಆಲ್ರೆಡಿ ಲೆಫ್ಟ್’ ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ. ‘ಟೆನ್ ಮಿನಿಟ್ಸ್ ಅರ್ಲಿಯರ್’ ಎಂದು ಸೇರಿಸಿದರೂ ಸಾಕೆಂದು ಕೆಲವರು ತಿಳಿಯುತ್ತಾರೆ. ಅದು ಅಷ್ಟು ಗಟ್ಟಿ ಅಲ್ಲ, ಏಕೆಂದರೆ ‘ಅರ್ಲಿಯರ್’ ತಾನೇ ಹಿಂದುಮುಂದನ್ನು ಹೇಳಿಬಿಡುತ್ತದೆ, ಆಗ ‘ಲೆಫ್ಟ್’ ಬರೆದವರೂ ವಾದಕ್ಕೆ ನಿಲ್ಲಬಹುದು. ಬಿಗಿ ಮಾಡಲು ಹೋಗಿ ಸಡಿಲ ಮಾಡಿದಂತಾಗುತ್ತದೆ.

ಎರಡನೆಯ ಜಾಗ ನಮಗೆ ಪರಿಚಿತ. ‘ರೋಟ್’, ‘ಹ್ಯಾಡ್ ರಿಟನ್’ ಎರಡೂ ಸರಿ, ಕೀಯಲ್ಲಿ ಎರಡೂ ಇರಬೇಕು. ಮೂರನೆಯದು ‘ವೆಂಟ್’ ಮಾತ್ರ. ಎರಡನೆಯದಕ್ಕೆ ‘ಹ್ಯಾಡ್’ ಹಾಕಿದ ಉತ್ಸಾಹದಲ್ಲಿ ಇಲ್ಲೂ ‘ಹ್ಯಾಡ್ ಗಾನ್’ ಹಾಕುವ ಮಕ್ಕಳಿದ್ದಾರೆ. ಅವರಿಗೆ ಕೇಳಬೇಕಾದದ್ದು ಮೈಸೂರಿನ ವಾಕ್ಯಕ್ಕೆ ಕೇಳಿದ ಪ್ರಶ್ನೆಯನ್ನೇ: ಯಾವುದಕ್ಕಿಂತ ಮೊದಲು ಮಲಗಿದಳು? ಆ ವಾಕ್ಯದಲ್ಲಿ ಮಲಗಿದ್ದಕ್ಕಿಂತ ಈಚಿನ ಸಂಗತಿ ಯಾವುದೂ ಇಲ್ಲ.

ನಾಲ್ಕನೆಯದು ಸ್ವಲ್ಪ ಸೂಕ್ಷ್ಮ. ಮಗಳು ತಾಯಿಗೆ ಹೇಳಿದ ಮಾತು ‘ಐ ಮಿಸ್ಡ್ ದಿ ಬಸ್’. ಅದನ್ನು ಪರೋಕ್ಷವಾಗಿ ಹೇಳುವಾಗ ಒಂದು ಹೆಜ್ಜೆ ಹಿಂದೆ ಸರಿದು ‘ಹ್ಯಾಡ್ ಮಿಸ್ಡ್’ ಆಗುತ್ತದೆ, ಕೀ ಕೂಡ ಅದನ್ನೇ ಹೇಳುತ್ತದೆ. ‘ಮಿಸ್ಡ್’ ಎಂದೇ ಉಳಿಸಿದರೆ? ಬಸ್ಸು ತಪ್ಪಿದ್ದು ಹಿಂದಿನ ರಾತ್ರಿ, ಹೇಳಿದ್ದು ಮರುದಿನ ಬೆಳಿಗ್ಗೆ. ಅರ್ಥ ಎಲ್ಲೂ ಕೆಡುವುದಿಲ್ಲ. ಬಸ್ಸು ತಪ್ಪುವುದು ಒಂದು ಕ್ಷಣದ ಘಟನೆ, ಹೇಳುವುದಕ್ಕಿಂತ ಮೊದಲೇ ಅದು ಆಗಿರಬೇಕು. ಹಾಗಾಗಿ ಎರಡನ್ನೂ ಒಪ್ಪಬೇಕು. ಇದೇ ಜಾಗದಲ್ಲಿ ‘ಬಿ ಇಲ್’ ಎಂದಿದ್ದರೆ ಲೆಕ್ಕ ಬದಲಾಗುತ್ತಿತ್ತು. ‘ಶಿ ವಾಸ್ ಇಲ್’ ಎಂದರೆ ಹೇಳುವ ಹೊತ್ತಿಗೂ ಹುಷಾರಿಲ್ಲ, ‘ಶಿ ಹ್ಯಾಡ್ ಬೀನ್ ಇಲ್’ ಎಂದರೆ ಅದಕ್ಕೂ ಮುಂಚೆ ಹುಷಾರಿರಲಿಲ್ಲ. ಅಲ್ಲಿ ಮತ್ತೆ ಎರಡು ಕಥೆ.

ಪ್ರಶ್ನೆಪತ್ರಿಕೆಯ ಸೂಚನೆಯ ಸಾಲನ್ನೂ ಸಾಕ್ಷಿಯಾಗಿ ಕರೆಯಬಹುದು. ‘ಪರೋಕ್ಷ ವಾಕ್ಯಕ್ಕೆ ಬದಲಾಯಿಸಿ’ ಎಂದು ಸ್ಪಷ್ಟವಾಗಿ ಬರೆದು, ಮಗಳ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟಿದ್ದರೆ, ಅಲ್ಲಿ ಪರೀಕ್ಷಿಸುತ್ತಿರುವುದೇ ಆ ಹಿಂದೆ ಸರಿಯುವ ಹೆಜ್ಜೆಯನ್ನು. ಆಗ ‘ಹ್ಯಾಡ್ ಮಿಸ್ಡ್’ ಒಂದನ್ನೇ ಉತ್ತರವಾಗಿ ಇಟ್ಟುಕೊಳ್ಳುವುದಕ್ಕೆ ಸಮರ್ಥನೆ ಇದೆ. ಅದನ್ನು ಕೀಯ ಪಕ್ಕ ಒಂದು ಸಾಲಿನಲ್ಲಿ ಬರೆದಿಟ್ಟರೆ ಮೌಲ್ಯಮಾಪಕರಿಗೆ ಅನುಮಾನ ಉಳಿಯುವುದಿಲ್ಲ.

ಪರೋಕ್ಷ ವಾಕ್ಯದ ಮಾತು ಬಂದಾಗ ಭೂಮಿ ಸೂರ್ಯನ ಸುತ್ತ ತಿರುಗುವ ವಾಕ್ಯವನ್ನು ಬಿಡಲಾಗುವುದಿಲ್ಲ. ‘ದಿ ಟೀಚರ್ ಸೆಡ್ ದ್ಯಾಟ್ ದಿ ಅರ್ತ್ ಮೂವ್ಸ್ ರೌಂಡ್ ದಿ ಸನ್’. ಸಾರ್ವಕಾಲಿಕ ಸತ್ಯಕ್ಕೆ ಟೆನ್ಸ್ ಬದಲಾಗಬಾರದು ಎಂದು ತರಗತಿಯಲ್ಲಿ ಹೇಳಿಕೊಡುತ್ತೇವೆ, ‘ಮೂವ್ಡ್’ ಬರೆದವರಿಗೆ ಅಂಕ ಕಳೆಯುತ್ತೇವೆ. ನಮ್ಮ ದೇಶದ ಮೂರು ನಾಲ್ಕು ತಲೆಮಾರು ಓದಿದ ರೆನ್ ಮತ್ತು ಮಾರ್ಟಿನ್ ಪುಸ್ತಕದ ಪರಿಷ್ಕೃತ ಆವೃತ್ತಿ ತೆರೆದರೆ ಅಲ್ಲಿ ‘ಬಾರದು’ ಎಂದಿಲ್ಲ. ಬದಲಾಯಿಸದೆ ಇರಬಹುದು ಎಂದಷ್ಟೇ ಇದೆ, ಎರಡರಲ್ಲಿ ಆಯ್ದುಕೊಳ್ಳಲು ಅವಕಾಶವಿದೆ ಎಂದೂ ಇದೆ. ಪುಸ್ತಕದ ‘ಬಹುದು’ ತರಗತಿಗೆ ಬರುವಷ್ಟರಲ್ಲಿ ‘ಲೇಬೇಕು’ ಆಗಿದೆ. ಕೀ ಆನ್ಸರ್‌ಗಳಲ್ಲಿ ಕಾಣುವ ಬಿಗಿಗೆ ಬಹುಪಾಲು ಕಾರಣ ಇದೇ ಎಂದು ನನ್ನ ನಂಬಿಕೆ. ನಿಯಮ ಬರೆದವರು ಬಿಟ್ಟಿದ್ದ ಜಾಗವನ್ನು ನಿಯಮ ಕಲಿಸುವವರು ಮುಚ್ಚಿಬಿಡುತ್ತಾರೆ.

ಆಧಾರಕ್ಕೆ ಯಾವ ಪುಸ್ತಕ ಎಂಬ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ರೆನ್ ಮತ್ತು ಮಾರ್ಟಿನ್ ಅಲ್ಲದೆ, ಮೈಕೆಲ್ ಸ್ವಾನ್ ಅವರ ‘ಪ್ರ್ಯಾಕ್ಟಿಕಲ್ ಇಂಗ್ಲಿಷ್ ಯೂಸೇಜ್’ ಇಂಥ ವಿವಾದಗಳಲ್ಲಿ ತುಂಬ ಕೆಲಸಕ್ಕೆ ಬರುತ್ತದೆ. ‘ಆಫ್ಟರ್’ನಂಥ ಪದಗಳಿದ್ದಾಗ ಪಾಸ್ಟ್ ಪರ್ಫೆಕ್ಟ್ ಕಡ್ಡಾಯವಲ್ಲ ಎಂಬುದನ್ನು ಅದು ನೇರವಾಗಿ ಹೇಳುತ್ತದೆ. ರೇಮಂಡ್ ಮರ್ಫಿ ಅವರ ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’ ಇದ್ದರೆ ಅದರ ಕೊನೆಯಲ್ಲಿರುವ ಕೀಯನ್ನೇ ಒಮ್ಮೆ ತಿರುವಿ ಹಾಕಿ. ಎರಡು ಉತ್ತರ ಸಾಧ್ಯವಿರುವ ಕಡೆ ‘ಅಥವಾ’ ಎಂದು ಎರಡನ್ನೂ ಕೊಟ್ಟಿರುತ್ತಾರೆ. ಮಾದರಿ ಕೀ ಎಂದರೆ ಹಾಗಿರಬೇಕು.

ಮೌಲ್ಯಮಾಪನದ ಮೇಜಿನ ಮೇಲೆ ಬರವಣಿಗೆಯ ಉತ್ತರ ಇದ್ದರೆ ಇಷ್ಟು ಸಾಕಾಗುತ್ತದೆ, ಏಕೆಂದರೆ ಅಲ್ಲಿ ಓದುವವರು ಮನುಷ್ಯರು. ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವ ಪರೀಕ್ಷೆಯಾದರೆ ಗಂಟು ಬಿಗಿಯಾಗುತ್ತದೆ. ನಾಲ್ಕು ಆಯ್ಕೆಗಳಲ್ಲಿ ‘ರೋಟ್’, ‘ಹ್ಯಾಡ್ ರಿಟನ್’ ಎರಡೂ ಇದ್ದು, ವಾಕ್ಯದಲ್ಲಿ ‘ಆಫ್ಟರ್’ ಇದ್ದರೆ ಯಂತ್ರ ಒಂದನ್ನೇ ಸರಿ ಎನ್ನುತ್ತದೆ. ಪ್ರಶ್ನೆ ತೆಗೆಯುವವರು ಇಲ್ಲಿ ಮಾಡಬೇಕಾದದ್ದು ಒಂದೇ: ಎರಡರಲ್ಲಿ ಒಂದನ್ನು ಆಯ್ಕೆಗಳ ಪಟ್ಟಿಯಿಂದಲೇ ತೆಗೆದುಹಾಕಿ, ಆ ಜಾಗಕ್ಕೆ ‘ಹ್ಯಾಸ್ ರಿಟನ್’ನಂಥ ನಿಸ್ಸಂಶಯವಾಗಿ ತಪ್ಪಾದದ್ದನ್ನು ಇಡಬೇಕು.

ಅದು ಆಗದೆ ಪರೀಕ್ಷೆ ಮುಗಿದುಹೋಗಿದ್ದರೆ ಉಳಿಯುವುದು ಆಕ್ಷೇಪಣೆಯ ದಾರಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಗಲಿ, ಲೋಕಸೇವಾ ಆಯೋಗವಾಗಲಿ ಮೊದಲು ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ, ಕೆಲವು ದಿನಗಳ ಗಡುವು ಕೊಟ್ಟು ಆಕ್ಷೇಪಣೆ ಕರೆಯುತ್ತವೆ. ಆ ಗಡುವನ್ನು ಕೈಬಿಡಬಾರದು. ಕೋರ್ಟಿಗೆ ಹೋದರಾಯಿತು ಎಂದುಕೊಂಡವರಿಗೆ ಅಲ್ಲಿ ನಿಲ್ಲುವ ನೆಲ ಬಹಳ ಕಡಿಮೆ. 1983ರ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಅಳತೆ ಹಾಕಿಕೊಟ್ಟಿತು. ಕೀ ಉತ್ತರ ಸರಿ ಎಂದೇ ಭಾವಿಸಬೇಕು, ವಿಷಯ ಬಲ್ಲ ಯಾರೂ ಒಪ್ಪಲಾರದಷ್ಟು ಸ್ಪಷ್ಟವಾಗಿ ಅದು ತಪ್ಪೆಂದು ತೋರಿಸಿದರೆ ಮಾತ್ರ ಕೋರ್ಟು ಕೈಹಾಕುತ್ತದೆ. ಬಹು ಆಯ್ಕೆಯ ಪರೀಕ್ಷೆಯಲ್ಲಿ ಎರಡರ್ಥ ಬರುವ ಪ್ರಶ್ನೆ ಇರದಂತೆ ಎಚ್ಚರ ವಹಿಸಬೇಕು, ಅಂಥದ್ದು ಗಮನಕ್ಕೆ ಬಂದರೆ ಬೇಗನೆ ಅದನ್ನು ಲೆಕ್ಕದಿಂದ ಕೈಬಿಡಬೇಕು ಎಂದೂ ಆ ತೀರ್ಪು ಹೇಳಿತು. 2017ರ ರಣ್ ವಿಜಯ್ ಸಿಂಗ್ ಪ್ರಕರಣದಲ್ಲಿ ಕೋರ್ಟು ಇನ್ನೂ ಬಿಗಿಯಾಗಿ ಮಾತಾಡಿತು. ಅನುಮಾನವಿದ್ದರೆ ಅದರ ಲಾಭ ಪರೀಕ್ಷೆ ನಡೆಸಿದವರಿಗೇ ಹೋಗಬೇಕು, ಅಭ್ಯರ್ಥಿಗಲ್ಲ.

ಟೆನ್ಸ್ ವಿವಾದಕ್ಕೆ ಈ ಅಳತೆ ಹಾಕಿ ನೋಡಿದರೆ ಏನಾಗುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ‘ಹ್ಯಾಡ್ ರಿಟನ್’ ತಪ್ಪು ಎಂದು ಯಾರೂ ಸಾಧಿಸಲಾರರು, ಏಕೆಂದರೆ ಅದು ತಪ್ಪಲ್ಲ. ನಮ್ಮ ದೂರು ಇನ್ನೊಂದು ಉತ್ತರವೂ ಸರಿ ಎಂಬುದು. ‘ಕೀ ತಪ್ಪು’ ಎಂದು ಆಕ್ಷೇಪಣೆ ಬರೆದವರು ಮೊದಲ ಸಾಲಿನಲ್ಲೇ ಸೋತಿರುತ್ತಾರೆ. ತಜ್ಞರು ಕೀ ಸರಿಯಿದೆಯೇ ಎಂದು ನೋಡುತ್ತಾರೆ, ಇದೆ ಎಂದು ಬರೆದು ಕಡತ ಮುಚ್ಚುತ್ತಾರೆ.

ಹೀಗೆ ಬರೆಯಬಹುದು: ‘ಪ್ರಕಟಿತ ಉತ್ತರ ಹ್ಯಾಡ್ ರಿಟನ್ ಸರಿಯಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ವಾಕ್ಯದಲ್ಲಿ ಆಫ್ಟರ್ ಎಂಬ ಪದ ಇರುವುದರಿಂದ ರೋಟ್ ಎಂಬ ಆಯ್ಕೆಯೂ ಅದೇ ಅರ್ಥವನ್ನು ಕೊಡುತ್ತದೆ, ಘಟನೆಗಳ ಕ್ರಮ ಬದಲಾಗುವುದಿಲ್ಲ. ರೋಟ್ ಅನ್ನು ಹೊರಗಿಡುವ ಯಾವ ಪದವೂ ಪ್ರಶ್ನೆಯಲ್ಲಾಗಲಿ ಸೂಚನೆಯಲ್ಲಾಗಲಿ ಇಲ್ಲ. ಲಗತ್ತಿಸಿರುವ ಪುಟದಲ್ಲಿ ಇದೇ ರಚನೆಗೆ ಎರಡೂ ರೂಪಗಳನ್ನು ಒಪ್ಪಿದೆ. ಆದ್ದರಿಂದ ಎರಡೂ ಆಯ್ಕೆಗಳಿಗೆ ಅಂಕ ನೀಡಬೇಕು ಅಥವಾ ಪ್ರಶ್ನೆಯನ್ನು ಕೈಬಿಡಬೇಕು.’ ಪುಸ್ತಕದ ಹೆಸರು, ಆವೃತ್ತಿ, ಪುಟಸಂಖ್ಯೆ ಕಾಣುವಂತೆ ನೆರಳಚ್ಚು ಸೇರಿಸಬೇಕು. ಕೋಚಿಂಗ್ ಸೆಂಟರಿನ ನೋಟ್ಸನ್ನೋ ಮೊಬೈಲಿನಲ್ಲಿ ಸಿಕ್ಕ ಪುಟವನ್ನೋ ಲಗತ್ತಿಸಿದರೆ ತೂಕ ಬರುವುದಿಲ್ಲ.

ಎರಡಕ್ಕೂ ಅಂಕ ಕೊಡುವುದು ಕೂಡ ಸುಮ್ಮನೆ ಮಾಡುವ ಔದಾರ್ಯವಲ್ಲ, ಅದಕ್ಕೂ ಸಮರ್ಥನೆ ಬೇಕು. 2024ರ ನೀಟ್ ಪರೀಕ್ಷೆಯ ಭೌತಶಾಸ್ತ್ರದ ಒಂದು ಪ್ರಶ್ನೆ ಇದನ್ನು ದೇಶಕ್ಕೇ ತೋರಿಸಿತು. ಹಳೆಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಬೇರೆ ರೀತಿ ಇದ್ದ ಕಾರಣಕ್ಕೆ ಪರೀಕ್ಷಾ ಸಂಸ್ಥೆ ಎರಡು ಆಯ್ಕೆಗಳಿಗೆ ಅಂಕ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ದೆಹಲಿಯ ಐಐಟಿಯ ಮೂವರು ತಜ್ಞರ ಅಭಿಪ್ರಾಯ ತರಿಸಿತು. ಸರಿ ಉತ್ತರ ಒಂದೇ ಎಂದು ಅವರು ಹೇಳಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ಇನ್ನೊಂದು ಉತ್ತರ ಕೊಟ್ಟಿದ್ದರು, ಅವರ ಅಂಕ ಇಳಿಯಿತು. ವಿಜ್ಞಾನದಲ್ಲಿ ಎರಡು ಆಯ್ಕೆಯಲ್ಲಿ ಒಂದು ನಿಜವಾಗಿಯೂ ತಪ್ಪಾಗಿರಬಹುದು. ಭಾಷೆಯಲ್ಲಿ ಎರಡೂ ನಿಜವಾಗಿಯೇ ಸರಿಯಿರಬಹುದು. ಆದರೆ ಅದನ್ನು ಹೇಳುವವರು ಪ್ರಶ್ನೆಯಲ್ಲಿರುವ ಪದವನ್ನೇ ತೋರಿಸಿ ಹೇಳಬೇಕು.

ಪರೀಕ್ಷಾ ಕೊಠಡಿಯಲ್ಲಿ ಕೂತ ವಿದ್ಯಾರ್ಥಿಗೆ ಈ ತಕರಾರುಗಳಿಗೆಲ್ಲ ಪುರುಸೊತ್ತು ಇರುವುದಿಲ್ಲ. ಎರಡೂ ಸರಿ ಎಂದು ಗೊತ್ತಾಗಿಯೂ ಒಂದನ್ನೇ ಬರೆಯಬೇಕು. ‘ಆಫ್ಟರ್’, ‘ಬಿಫೋರ್’ ಇರುವ ವಾಕ್ಯದಲ್ಲಿ ಮೊದಲು ನಡೆದ ಕೆಲಸಕ್ಕೆ ‘ಹ್ಯಾಡ್’ ಬರೆಯುವುದು ಕ್ಷೇಮ. ಅದನ್ನು ತಪ್ಪೆನ್ನುವ ಕೀ ಸಿಗುವುದು ತೀರಾ ಅಪರೂಪ, ‘ಹ್ಯಾಡ್’ ಇಲ್ಲದ್ದನ್ನು ತಪ್ಪೆನ್ನುವ ಕೀಗಳು ಬೇಕಾದಷ್ಟಿವೆ. ‘ವೆನ್’ ಇದ್ದರೆ ಮುಂದಿನ ವಾಕ್ಯವನ್ನು ಓದಿದ ಮೇಲೆಯೇ ಬರೆಯಬೇಕು. ಎದ್ದ, ಮುಖ ತೊಳೆದ, ತಿಂಡಿ ತಿಂದ, ಹೊರಟ ಎಂಬಂತೆ ನಡೆದ ಕ್ರಮದಲ್ಲೇ ಕಥೆ ಸಾಗುತ್ತಿದ್ದರೆ ‘ಹ್ಯಾಡ್’ ಬೇಡವೇ ಬೇಡ. ಅಲ್ಲಿ ಹೇಳುವ ಕ್ರಮವೇ ನಡೆದ ಕ್ರಮ. ಕಥೆ ಹಿಂದಕ್ಕೆ ತಿರುಗಿದ ಕಡೆ, ಅಂದರೆ ಹೊರಟಾದ ಮೇಲೆ ಕೀಲಿ ಮರೆತದ್ದು ನೆನಪಾದ ಕಡೆ, ಮರೆತದ್ದಕ್ಕೆ ‘ಹ್ಯಾಡ್ ಫರ್ಗಾಟನ್’ ಬೇಕು.

ಕೀ ಬರೆಯುವವರಿಗೆ ನಾನು ಹೇಳುವ ಒಂದು ಕೆಲಸವಿದೆ, ಅದಕ್ಕೆ ಪ್ರಶ್ನೆಯೊಂದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಉತ್ತರ ಬರೆದ ಮೇಲೆ ಅದೇ ಖಾಲಿ ಜಾಗದಲ್ಲಿ ಇನ್ನೊಂದು ಟೆನ್ಸ್ ಹಾಕಿ, ಇಡೀ ಗದ್ಯಭಾಗವನ್ನು ಗಟ್ಟಿಯಾಗಿ ಓದಿ, ಅದನ್ನು ಕಾಣದ ಇನ್ನೊಬ್ಬ ಶಿಕ್ಷಕರಿಗೆ ಕೇಳಿಸಿ. ಅವರು ಎಡವಲಿಲ್ಲ ಎಂದರೆ, ಕೀಯಲ್ಲಿ ಗೆರೆ ಹಾಕಿ ಎರಡನೆಯದನ್ನೂ ಬರೆಯಿರಿ. ಎಡವಿದರೆ, ಯಾವ ಪದದ ಹತ್ತಿರ ಎಡವಿದರು ಎಂದು ಕೇಳಿ, ಆ ಪದವನ್ನು ಉತ್ತರದ ಪಕ್ಕದಲ್ಲೇ ಬರೆದಿಡಿ. ಏಪ್ರಿಲ್ ಬಿಸಿಲಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ ಕೂತ ಮೌಲ್ಯಮಾಪಕರಿಗೆ, ಎದುರಿನ ಹಾಳೆಯ ‘ರೋಟ್’ಗೆ ಅಂಕ ಕೊಡಬೇಕೋ ಬಾರದೋ ಎಂದು ತೀರ್ಮಾನಿಸಲು ಆ ಒಂದು ಪದ ಸಾಕು.